ಎರಡು ಹಾಳೆ, ಎಂಟು ಮನೆ: ಎಂ.ಎಸ್ಸಿ.ಯೋ, ಮೊದಲ ನೌಕರಿಯೋ?

ಕಲಬುರಗಿಯ ಸೇಡಂ ರಸ್ತೆಯಲ್ಲಿ ಸರ್ಕಾರಿ ಸ್ವಾಯತ್ತ ಕಾಲೇಜಿದೆ. ಅದೇ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವೂ ಇದೆ. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದ ಅದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ರಸ್ತೆ ಬಿಡದೆ ಇನ್ನೂ ಮುಂದಕ್ಕೆ ಹೋದರೆ ಮಳಖೇಡ, ಸೇಡಂ. ಅಲ್ಲಿ ಸುಣ್ಣದ ಕಲ್ಲಿನ ನೆಲ, ಆ ಕಲ್ಲನ್ನು ನಂಬಿದ ಸಿಮೆಂಟ್ ಕಾರ್ಖಾನೆಗಳು. ರಸಾಯನಶಾಸ್ತ್ರ ಓದುತ್ತಿರುವ ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗೆ ಈಗಿನ ತರಗತಿ, ಮುಂದಿನ ಓದು, ಮೊದಲ ನೌಕರಿ ಮೂರೂ ಒಂದೇ ರಸ್ತೆಯ ಮೇಲಿವೆ. ಆದರೂ ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿ, ಮನೆಯಲ್ಲಿ, ಮದುವೆ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: "ಮುಂದ ಏನ್ ಮಾಡ್ತಿ, ಓದ್ತಿಯೋ ನೌಕರಿ ಹಿಡಿತಿಯೋ?"

ಬಹಳಷ್ಟು ಮಂದಿ ಇದಕ್ಕೆ ಉತ್ತರ ಕೊಡುವುದು ಗೆಳೆಯರನ್ನು ನೋಡಿ. ಗೆಳತಿ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು ಎಂದು ತಾನೂ ಹಾಕುವುದು, ಸೋದರಮಾವ ಹೈದರಾಬಾದಿನಲ್ಲಿ ಕೆಲಸ ನೋಡಿದ್ದಾರೆ ಎಂದು ಹೊರಟುಬಿಡುವುದು. ಕೆಲವು ಕಾಲೇಜುಗಳ ಉದ್ಯೋಗ ಮಾರ್ಗದರ್ಶನ ಶಿಬಿರಗಳಲ್ಲಿ ಸ್ವಾಟ್ ವಿಶ್ಲೇಷಣೆ ಹೇಳಿಕೊಡುತ್ತಾರೆ. ಒಂದು ಹಾಳೆಯನ್ನು ನಾಲ್ಕು ಮನೆ ಮಾಡಿ ಬಲ, ಕೊರತೆ, ಅವಕಾಶ, ಅಪಾಯ ಎಂದು ಬರೆಸುತ್ತಾರೆ. ವಿದ್ಯಾರ್ಥಿಗಳು "ಕಷ್ಟಪಟ್ಟು ಓದುತ್ತೇನೆ", "ಇಂಗ್ಲಿಷ್ ಬರುವುದಿಲ್ಲ", "ಸರ್ಕಾರಿ ನೌಕರಿ", "ಸ್ಪರ್ಧೆ ಜಾಸ್ತಿ" ಎಂದು ತುಂಬಿ ಕೊಟ್ಟು ಬರುತ್ತಾರೆ. ಆ ಹಾಳೆಯಿಂದ ಯಾವ ತೀರ್ಮಾನವೂ ಹುಟ್ಟುವುದಿಲ್ಲ. ತಪ್ಪು ವಿಧಾನದ್ದಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದ್ದು.

ಈ ವಿಧಾನ ಕೆಲಸ ಮಾಡುವುದು ಹೇಗೆ

ಸ್ವಾಟ್ ಹುಟ್ಟಿದ್ದು ಕಂಪನಿಗಳ ಯೋಜನಾ ವಿಭಾಗಗಳಲ್ಲಿ, 1960ರ ದಶಕದ ಅಮೆರಿಕದಲ್ಲಿ. ಅದರ ಉಪಯುಕ್ತ ಭಾಗ ಸೇರಿದ್ದು 1982ರಲ್ಲಿ, ಹೈಂಜ್ ವೈರಿಕ್ ಎಂಬ ಪ್ರಾಧ್ಯಾಪಕರು ನಾಲ್ಕು ಮನೆಗಳನ್ನು ಒಂದಕ್ಕೊಂದು ಜೋಡಿಸಿ ಓದುವ ಕ್ರಮವನ್ನು ಪ್ರಕಟಿಸಿದಾಗ. ಬಲವನ್ನು ಅವಕಾಶದ ಜತೆ, ಕೊರತೆಯನ್ನು ಅಪಾಯದ ಜತೆ ಹೀಗೆ ಜೋಡಿಸಿದಾಗಲೇ "ಏನು ಮಾಡಬೇಕು" ಎಂಬುದು ಹೊರಬೀಳುತ್ತದೆ. ಶಿಬಿರದಲ್ಲಿ ಬಿಟ್ಟುಹೋಗುವುದು ಈ ಭಾಗವೇ.

ಇನ್ನೊಂದು ಸಂಗತಿಯೂ ಮುಖ್ಯ. ಬಲ ಮತ್ತು ಕೊರತೆ ಒಳಗಿನವು: ನಿಮ್ಮಲ್ಲಿ, ನಿಮ್ಮ ಮನೆಯಲ್ಲಿ, ನಿಮ್ಮ ಕೈಯಲ್ಲಿ ಇರುವುದು, ಇಲ್ಲದಿರುವುದು. ಅವನ್ನು ಬೆಳೆಸಬಹುದು, ತಿದ್ದಬಹುದು. ಅವಕಾಶ ಮತ್ತು ಅಪಾಯ ಹೊರಗಿನವು. ಅವನ್ನು ಬಳಸಿಕೊಳ್ಳಬಹುದು ಇಲ್ಲವೇ ಅವುಗಳಿಂದ ತಪ್ಪಿಸಿಕೊಳ್ಳಬಹುದು, ಬದಲಿಸಲು ಆಗುವುದಿಲ್ಲ. ಎರಡನ್ನೂ ಬೆರೆಸಿದರೆ ವಿದ್ಯಾರ್ಥಿ ಬದಲಿಸಲಾಗದ್ದಕ್ಕೆ ಕೊರಗುತ್ತಾ, ಬದಲಿಸಬಹುದಾದದ್ದನ್ನು ಹಣೆಬರಹವೆಂದು ಬಿಟ್ಟುಬಿಡುತ್ತಾನೆ.

ಯಾವ ಸಾಲು ಎಲ್ಲಿಗೆ ಸೇರುತ್ತದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. "ನಾನೇ ಇಲ್ಲದಿದ್ದರೂ ಈ ಮಾತು ನಿಜವೇ?" ಎಂದು ಕೇಳಿಕೊಳ್ಳಿ. ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ಇದೆ ಎಂಬುದು ನೀವು ಇಲ್ಲದಿದ್ದರೂ ನಿಜ, ಅದು ಹೊರಗಿನದು. ರಾತ್ರಿ ಪಾಳಿಗೆ ಮನೆಯಲ್ಲಿ ಒಪ್ಪುವುದಿಲ್ಲ ಎಂಬುದು ನಿಮ್ಮದು, ಅದು ಒಳಗಿನದು.

ಸಂವಿಧಾನದ 371(ಜೆ) ಅನುಚ್ಛೇದವನ್ನೇ ತೆಗೆದುಕೊಳ್ಳಿ. ಅದರಡಿ 2013ರಲ್ಲಿ ಬಂದ ನಿಯಮಗಳಂತೆ ಈಗ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು ಮೀಸಲು. ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿಗೆ ಶೇ 75, ಸಿಗೆ ಶೇ 80, ಡಿಗೆ ಶೇ 85. ಈ ನಿಯಮ ಅವಕಾಶದ ಮನೆಗೆ ಸೇರುತ್ತದೆ. ಆದರೆ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯುವ ಅರ್ಹತಾ ಪ್ರಮಾಣಪತ್ರ ಕೈಯಲ್ಲಿದ್ದರೆ ಅದು ಬಲ, ಇನ್ನೂ ಮಾಡಿಸಿಲ್ಲದಿದ್ದರೆ ಕೊರತೆ. ಒಂದೇ ವಿಷಯ ಹೀಗೆ ಎರಡು ಮನೆಗೆ ಒಡೆದು ಬಿದ್ದಾಗ, ಮಾಡಬೇಕಾದ ಕೆಲಸ ತಾನಾಗಿಯೇ ಕಾಣುತ್ತದೆ: ಪ್ರಮಾಣಪತ್ರ ಮಾಡಿಸುವುದು.

ಒಬ್ಬ ವಿದ್ಯಾರ್ಥಿನಿಯ ಲೆಕ್ಕ

ವಿಧಾನವನ್ನು ಒಂದು ಉದಾಹರಣೆಯ ಮೇಲೆ ನಡೆಸಿ ನೋಡುವುದು ಒಳ್ಳೆಯದು. ಸೇಡಂ ರಸ್ತೆಯ ಕಾಲೇಜಿಗೆ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಬಿ.ಎಸ್ಸಿ. ಕೊನೆಯ ವರ್ಷ. ರಸಾಯನಶಾಸ್ತ್ರದಲ್ಲಿ ಅಂಕ ಚೆನ್ನಾಗಿವೆ, ಲ್ಯಾಬಿನಲ್ಲಿ ಕೈ ಸ್ಥಿರ. ಐದನೇ ಸೆಮಿಸ್ಟರಿನ ಭೌತಶಾಸ್ತ್ರದ ಒಂದು ಪೇಪರ್ ಉಳಿದಿದೆ. ಮನೆಯಲ್ಲಿ ನಾಲ್ಕೆಕರೆ ತೊಗರಿ, ಸ್ವಲ್ಪ ಜಾಗದಲ್ಲಿ ಕಮಲಾಪುರದ ಕೆಂಪು ಬಾಳೆ. ತಮ್ಮ ಪಿಯುಸಿಯಲ್ಲಿದ್ದಾನೆ. ಅಕ್ಕಪಕ್ಕದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಜ್ಞಾನ ಹೇಳಿಕೊಡುತ್ತಾಳೆ. ಎದುರಿಗೆ ಎರಡು ದಾರಿ: ಎಂ.ಎಸ್ಸಿ. ರಸಾಯನಶಾಸ್ತ್ರ, ಇಲ್ಲವೇ ಯಾವುದಾದರೂ ಪ್ರಯೋಗಾಲಯದಲ್ಲಿ ತರಬೇತಿ ಕೆಮಿಸ್ಟ್ ಕೆಲಸ.

1. ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. "ಓದು ಅಥವಾ ನೌಕರಿ" ಎಂಬುದು ವಿಶ್ಲೇಷಣೆಗೆ ಸಿಗುವ ಪ್ರಶ್ನೆಯಲ್ಲ. ಯಾವ ಕೋರ್ಸು, ಎಲ್ಲಿ, ಯಾವ ವರ್ಷ; ಯಾವ ಬಗೆಯ ಕೆಲಸ, ಎಲ್ಲಿ, ಯಾವ ತಿಂಗಳಿಂದ ಎಂದು ಬರೆಯಬೇಕು. ಈ ಹುಡುಗಿಯ ವಿಷಯದಲ್ಲಿ "ಈ ವರ್ಷ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ." ಒಂದು. "ಈ ವರ್ಷ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಗುಣಮಟ್ಟ ಪ್ರಯೋಗಾಲಯದಲ್ಲಿ ಕೆಲಸ" ಇನ್ನೊಂದು. ಗುರಿಯನ್ನೂ ಒಂದು ಸಾಲಿನಲ್ಲಿ ಬರೆಯಬೇಕು: ಹತ್ತು ವರ್ಷದ ಮೇಲೆ ಪಾಠ ಮಾಡುತ್ತಿರಬೇಕೆ, ಲ್ಯಾಬಿನಲ್ಲಿರಬೇಕೆ? ಅವಳು ಬರೆದದ್ದು ಪಿಯು ಉಪನ್ಯಾಸಕಿ ಎಂದಿಟ್ಟುಕೊಳ್ಳೋಣ. ಆ ಹುದ್ದೆಗೆ ಸ್ನಾತಕೋತ್ತರ ಪದವಿಯೂ ಬೇಕು, ಬಿ.ಇಡಿ.ಯೂ ಬೇಕು. ಅಂದರೆ ಎರಡು ವರ್ಷ ಎಂ.ಎಸ್ಸಿ., ಮತ್ತೆರಡು ವರ್ಷ ಬಿ.ಇಡಿ., ಆಮೇಲೆ ನೇಮಕಾತಿಯ ಕಾಯುವಿಕೆ. ಗುರಿ ಬರೆದ ಕೂಡಲೇ ದಾರಿಯ ಉದ್ದ ಗೊತ್ತಾಗುತ್ತದೆ.

2. ಹಾಳೆ ಒಂದಲ್ಲ, ಎರಡು. ಒಂದೊಂದು ದಾರಿಗೆ ಒಂದೊಂದು ಹಾಳೆ, ಪ್ರತಿಯೊಂದರಲ್ಲಿ ನಾಲ್ಕು ಮನೆ. ಇದು ಏಕೆ ಬೇಕೆಂದರೆ ಒಂದೇ ಗುಣಕ್ಕೆ ಎರಡು ದಾರಿಗಳಲ್ಲಿ ಒಂದೇ ತೂಕವಿರುವುದಿಲ್ಲ. ಇಂಗ್ಲಿಷಿನಲ್ಲಿ ಮಾತನಾಡುವಾಗ ತಡವರಿಸುವುದು ಎಂ.ಎಸ್ಸಿ. ತರಗತಿಯಲ್ಲಿ ಸೆಮಿನಾರ್ ದಿನದ ತೊಂದರೆ. ಸಂದರ್ಶನದಲ್ಲಿ ಅದು ಮೊದಲ ಐದು ನಿಮಿಷದ ತೊಂದರೆ.

ಇವಳ ಸ್ಥಿರವಾದ ಕೈಯನ್ನೇ ನೋಡಿ. ಸಿಮೆಂಟ್ ಪ್ರಯೋಗಾಲಯಕ್ಕೆ ಸುಣ್ಣದ ಕಲ್ಲು, ಪುಡಿ ಮಾಡಿದ ಕಚ್ಚಾ ಮಿಶ್ರಣ, ಸುಟ್ಟು ಬಂದ ಕ್ಲಿಂಕರ್ ಇವುಗಳ ಮಾದರಿಗಳು ಹಗಲೂ ರಾತ್ರಿ ಬರುತ್ತಿರುತ್ತವೆ. ಕ್ಯಾಲ್ಸಿಯಂ ಎಷ್ಟಿದೆ ಎಂಬುದನ್ನು ಈಗ ಎಕ್ಸ್-ರೇ ಯಂತ್ರ ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಆದರೂ ಕ್ಲಿಂಕರಿನಲ್ಲಿ ಬೆರೆಯದೆ ಉಳಿದ ಸುಣ್ಣವನ್ನು ಟೈಟ್ರೇಷನ್ ಮಾಡಿ ನೋಡುವ ಪರಿಪಾಠ ಇದ್ದೇ ಇದೆ. ಅದು ಹೆಚ್ಚಿದ್ದರೆ ಕ್ಲಿಂಕರ್ ಸರಿಯಾಗಿ ಸುಟ್ಟಿಲ್ಲವೆಂದು ಅರ್ಥ. ಅಂಥ ಸಿಮೆಂಟ್ ಗಟ್ಟಿಯಾದ ಮೇಲೂ ಹಿಗ್ಗಿ ಬಿರುಕು ಬಿಡಬಹುದು. ಬ್ಯುರೆಟ್ಟಿನ ಕೊನೆಯ ಹನಿಯನ್ನು ಗುರುತಿಸಬಲ್ಲ ಕಣ್ಣಿಗೆ ಅಲ್ಲಿ ನೇರ ಬೆಲೆಯಿದೆ. ಎಂ.ಎಸ್ಸಿ. ಹಾಳೆಯಲ್ಲೂ ಅದು ಬಲವೇ. ಆದರೆ ಅಲ್ಲಿ ಸೀಟು ತಂದುಕೊಡುವುದು ಅಂಕಪಟ್ಟಿ, ಕೈಯಲ್ಲ.

3. ಪ್ರತಿ ಸಾಲಿಗೂ ಸಾಕ್ಷಿ ಬರೆಯಿರಿ. ಬಲಗಡೆ ಒಂದು ಪಟ್ಟಿ ಎಳೆದು, ಆ ಸಾಲು ನಿಜವೆಂದು ಹೇಳುವುದು ಯಾವುದು ಎಂದು ನಮೂದಿಸಬೇಕು: ಅಂಕ, ದಿನಾಂಕ, ಕಾಗದ, ಅಥವಾ ನೋಡಿದ ವ್ಯಕ್ತಿ. "ಪಾಠ ಹೇಳುವುದು ಬರುತ್ತದೆ" ಎಂಬುದಕ್ಕೆ ಎರಡು ವರ್ಷದಿಂದ ಸಂಜೆ ಬರುತ್ತಿರುವ ಮಕ್ಕಳು ಸಾಕ್ಷಿ. "ನಾಯಕತ್ವ ಗುಣ" ಎಂಬುದಕ್ಕೆ ಏನೂ ಸಿಗದಿದ್ದರೆ ಆ ಸಾಲನ್ನು ಹೊಡೆದುಹಾಕಬೇಕು. ಕೊರತೆಗೂ ಇದೇ ನಿಯಮ. "ಇಂಗ್ಲಿಷ್ ಬರುವುದಿಲ್ಲ" ಎಂದು ಬರೆದವಳು ಮೂರು ವರ್ಷ ಇಂಗ್ಲಿಷ್ ಪಠ್ಯ ಓದಿ ಪಾಸಾಗಿದ್ದಾಳೆ. ನಿಜವಾದ ಕೊರತೆ "ಮಾಡಿದ ಪ್ರಯೋಗವನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ವಿವರಿಸಿಲ್ಲ" ಎಂಬುದು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದನ್ನು ಒಂದು ತಿಂಗಳಲ್ಲಿ ತಿದ್ದಬಹುದು.

4. ಹೊರಗಿನ ಅರ್ಧವನ್ನು ಮನೆಯಲ್ಲಿ ಕೂತು ತುಂಬಬೇಡಿ. ಅವಕಾಶ ಮತ್ತು ಅಪಾಯಗಳನ್ನು ಕೇಳಿ ತಿಳಿಯಬೇಕು. ಈಗ ಎಂ.ಎಸ್ಸಿ. ಮಾಡುತ್ತಿರುವ ಒಬ್ಬರು, ಎರಡು ವರ್ಷದ ಹಿಂದೆ ಬಿ.ಎಸ್ಸಿ. ಮುಗಿಸಿ ಲ್ಯಾಬಿಗೆ ಸೇರಿದ ಒಬ್ಬರು, ವಿಭಾಗದ ಒಬ್ಬ ಅಧ್ಯಾಪಕರು, ಇಷ್ಟು ಜನ ಸಾಕು. ಅಭಿಪ್ರಾಯ ಕೇಳಬೇಡಿ, ಸಂಗತಿ ಕೇಳಿ: ಪಾಳಿ ಎಷ್ಟು ಗಂಟೆಗೆ ಬದಲಾಗುತ್ತದೆ, ಕೋಣೆ ಎಲ್ಲಿ ಸಿಗುತ್ತದೆ, ಹಾಸ್ಟೆಲ್ ಪಟ್ಟಿ ಯಾವಾಗ ಬರುತ್ತದೆ, ಬಿ.ಎಸ್ಸಿ.ಯವರಿಗೆ ಯಾವ ಯಂತ್ರ ಮುಟ್ಟಲು ಕೊಡುತ್ತಾರೆ.

ಅವಕಾಶದ ಪ್ರತಿ ಸಾಲಿಗೂ ದಿನಾಂಕ ಇರಲೇಬೇಕು. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಎಂ.ಎಸ್ಸಿ.ಗೆ ಸೇರಲು ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ನಡೆಯುತ್ತದೆ, ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಐಐಟಿಗಳ ಎಂ.ಎಸ್ಸಿ.ಗೆ ಬರೆಯುವ ಜಾಮ್ ಪರೀಕ್ಷೆ ಫೆಬ್ರುವರಿಯಲ್ಲಿ. ಅರ್ಜಿ ಹಾಕುವುದು ಅದರ ಹಿಂದಿನ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮೇ ತಿಂಗಳಲ್ಲಿ ಹಾಳೆ ಬರೆಯಲು ಕೂತವರಿಗೆ ಇವೆರಡೂ ಆ ವರ್ಷದ ಅವಕಾಶಗಳೇ ಅಲ್ಲ. ಈ ಕಾರಣಕ್ಕೇ ಇಡೀ ಕೆಲಸವನ್ನು ಐದನೇ ಸೆಮಿಸ್ಟರಿನ ಆರಂಭದಲ್ಲಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ಮಾಡುವುದು ಸರಿ.

ಅಪಾಯಗಳಲ್ಲಿ ಎರಡು ಈ ಭಾಗಕ್ಕೆ ವಿಶೇಷ. ಒಂದು ತೊಗರಿ. 2022ರಲ್ಲಿ ನೆಟೆ ರೋಗ ಬಂದಾಗ ಕಲಬುರಗಿ ಜಿಲ್ಲೆಯ ಹೊಲಗಳು ನಿಂತಲ್ಲೇ ಒಣಗಿದವು. ಮನೆಯ ಆದಾಯ ಒಂದೇ ಬೆಳೆಯ ಮೇಲಿದ್ದರೆ, ಎರಡು ವರ್ಷದ ಓದಿನ ನಡುವೆ ಅಂಥದೊಂದು ವರ್ಷ ಬರಬಹುದು ಎಂದೇ ಬರೆದುಕೊಳ್ಳಬೇಕು. ಇನ್ನೊಂದು ಸರ್ಕಾರಿ ನೇಮಕಾತಿಯ ಅನಿಶ್ಚಿತತೆ. ಒಳಮೀಸಲಾತಿಯ ವಿಷಯ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಹಂಚಿಕೆಯ ಸೂತ್ರಕ್ಕೆ ಸಂಪುಟ ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಆ ತಿಂಗಳುಗಳಲ್ಲಿ ಎಲ್ಲ ಅರ್ಹತೆಯಿದ್ದವರೂ ಕಾದರು. 371(ಜೆ) ಶೇಕಡಾವಾರು ದೊಡ್ಡದೆಂಬುದು ನಿಜ. ಆದರೆ ಅಧಿಸೂಚನೆಯೇ ಹೊರಡದಿದ್ದರೆ ಆ ಶೇಕಡಾವಾರಿಗೆ ಕೆಲಸವಿಲ್ಲ. ಖಾಸಗಿ ಕಾರ್ಖಾನೆಯ ನೌಕರಿಗೆ ಅದು ಅನ್ವಯಿಸುವುದೂ ಇಲ್ಲ.

ಹಣದ ಸಾಲನ್ನು ಹೀಗೆ ಬಿಡಿಸಿ

ನೌಕರಿ ಹಾಳೆಯಲ್ಲಿ "ಸಂಬಳ ಬರುತ್ತದೆ" ಎಂದು ಬರೆದು ಮುಂದೆ ಹೋಗುವುದು ಸುಲಭ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಬರುತ್ತದೆ. ತಿಂಗಳಿಗೆ 16,000 ರೂಪಾಯಿ ಒಟ್ಟು ಸಂಬಳ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 10,000 ಎಂದು ಇಟ್ಟುಕೊಳ್ಳೋಣ. ಭವಿಷ್ಯನಿಧಿಗೆ ಆ 10,000ದ ಶೇ 12, ಅಂದರೆ 1,200 ಕಡಿತ. ಸಂಬಳ 21,000ದ ಒಳಗಿರುವುದರಿಂದ ಇಎಸ್‌ಐಗೆ ಒಟ್ಟು ಸಂಬಳದ ಶೇ 0.75, ಅಂದರೆ 120. ಕೈಗೆ ಬರುವುದು 14,680.

ಆದೇಶಪತ್ರದಲ್ಲಿ ಮಾತ್ರ ವರ್ಷಕ್ಕೆ 2,12,640 ರೂಪಾಯಿ ಎಂದಿರಬಹುದು. ಕಂಪನಿ ತನ್ನ ಪಾಲಿನಿಂದ ಕಟ್ಟುವ ಭವಿಷ್ಯನಿಧಿಯ 1,200 ಮತ್ತು ಇಎಸ್‌ಐನ 520 ರೂಪಾಯಿಯನ್ನೂ ಸೇರಿಸಿ ಹೇಳುವ ಲೆಕ್ಕ ಅದು. ಮೊದಲ ನೌಕರಿಯ ಸಂಬಳವನ್ನು ಮನೆಯಲ್ಲಿ ಹೇಳುವಾಗ ಆ ದೊಡ್ಡ ಅಂಕಿಯನ್ನು ಹನ್ನೆರಡರಿಂದ ಭಾಗಿಸಿ ಹೇಳಿ, ಮೊದಲ ತಿಂಗಳೇ ಮುಜುಗರಕ್ಕೆ ಬೀಳುವವರು ಬಹಳ.

ಈಗ ಖರ್ಚು. ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ಕಡೆಗೆ, ಸೇಡಂ ಇನ್ನೊಂದು ಕಡೆಗೆ. ಕಲಬುರಗಿಯಿಂದ ಸೇಡಂಗೇ 50 ಕಿ.ಮೀ.ಗೂ ಹೆಚ್ಚು. ಮನೆಯಿಂದ ದಿನಾ ಓಡಾಡುವುದು ಆಗದ ಮಾತು, ಅದೂ ಪಾಳಿಯ ಕೆಲಸಕ್ಕೆ. ಕೋಣೆ, ಊಟ ಸೇರಿ 6,500 ಹೋದರೆ ಉಳಿಯುವುದು 8,180. ರಜೆಗೆ ಊರಿಗೆ ಬರಲು ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಎರಡು ವರ್ಷಕ್ಕೆ ಉಳಿತಾಯ ಹೆಚ್ಚೆಂದರೆ 1,96,320 ರೂಪಾಯಿ.

ಈ ಮೊತ್ತವನ್ನು ಎಂ.ಎಸ್ಸಿ. ಹಾಳೆಯಲ್ಲಿಯೂ ಬರೆಯಬೇಕು. ಓದಲು ಹೋದರೆ ಶುಲ್ಕ, ಪುಸ್ತಕಗಳ ಜತೆಗೆ ಬಿಟ್ಟುಕೊಡುವ ಹಣ ಇದು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಿಜವಾದ ಖರ್ಚಿನ ದೊಡ್ಡ ಪಾಲು ಇದೇ. ಎದುರಿಗೆ ಬರುವುದನ್ನೂ ಬರೆಯಿರಿ: ಹಾಸ್ಟೆಲ್ ಸಿಕ್ಕರೆ ಊಟ, ವಸತಿ, ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಸಿಗುವ ಮಾಸಿಕ ನೆರವು. ಯುವನಿಧಿಯ 3,000 ರೂಪಾಯಿಯನ್ನು ಈ ಹಾಳೆಯಲ್ಲಿ ಸೇರಿಸಬಾರದು. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ಇರುವ ಯೋಜನೆ ಅದು; ಓದು ಮುಂದುವರಿಸಿದವರಿಗೆ ಸಿಗುವುದಿಲ್ಲ.

5. ಜೋಡಿಸುವ ಕೆಲಸ

ಈಗ ಎರಡೂ ಹಾಳೆಯ ಮನೆಗಳನ್ನು ಒಂದಕ್ಕೊಂದು ಜೋಡಿಸಬೇಕು. ಪ್ರತಿ ಜೋಡಿಯಿಂದ ಒಂದು ವಾಕ್ಯ, ಆ ವಾಕ್ಯದಲ್ಲಿ ಮಾಡುವ ಕೆಲಸ ಮತ್ತು ದಿನಾಂಕ.

ಶುರು ಮಾಡಬೇಕಾದದ್ದು ಎಲ್ಲರೂ ಕೊನೆಗೆ ಬಿಡುವ ಜೋಡಿಯಿಂದ: ಕೊರತೆ ಮತ್ತು ಅಪಾಯ. ನಮ್ಮ ಉದಾಹರಣೆಯಲ್ಲಿ ಕೊರತೆ, ಉಳಿದಿರುವ ಭೌತಶಾಸ್ತ್ರದ ಪೇಪರ್. ಅಪಾಯ, ಪ್ರವೇಶದ ಕೊನೆಯ ದಿನಾಂಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಕಟು ಸತ್ಯ ಕಾಣುತ್ತದೆ: ಆ ಪೇಪರ್ ಪಾಸಾಗದೆ ಪದವಿಯಿಲ್ಲ. ಪದವಿಯಿಲ್ಲದೆ ಎಂ.ಎಸ್ಸಿ. ಸೀಟೂ ನಿಲ್ಲುವುದಿಲ್ಲ, ಕೆಮಿಸ್ಟ್ ಹುದ್ದೆಯೂ ಸಿಗುವುದಿಲ್ಲ. ಓದೋ ನೌಕರಿಯೋ ಎಂದು ಆರು ತಿಂಗಳಿಂದ ತಲೆ ಕೆಡಿಸಿಕೊಂಡವಳಿಗೆ ಹಾಳೆ ಹೇಳುವುದು, ಮೊದಲು ತೀರಬೇಕಾದ ಪ್ರಶ್ನೆ ಅದಲ್ಲ ಎಂದು. ಸ್ವಾಯತ್ತ ಕಾಲೇಜಾದ್ದರಿಂದ ಪರೀಕ್ಷೆ ನಡೆಸುವುದು ಕಾಲೇಜೇ. ಹಾಗಾಗಿ ಮೊದಲ ಕೆಲಸ, ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ಆ ಪೇಪರ್ ಮತ್ತೆ ಯಾವಾಗ ಬರುತ್ತದೆ, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂದು ಬರೆದುಕೊಂಡು ಬರುವುದು. ಉಳಿದೆಲ್ಲ ಆಮೇಲೆ.

ಬಲ ಮತ್ತು ಅವಕಾಶ: ರಸಾಯನಶಾಸ್ತ್ರದ ಅಂಕಗಳು, ಜತೆಗೆ ಸ್ಥಳೀಯರ ಶೇ 70 ಸೀಟು. ವಾಕ್ಯ ಹೀಗೆ ಬರುತ್ತದೆ: "371(ಜೆ) ಪ್ರಮಾಣಪತ್ರಕ್ಕೆ ಈ ತಿಂಗಳೇ ಅರ್ಜಿ ಹಾಕುತ್ತೇನೆ, ಪ್ರವೇಶದ ಅಧಿಸೂಚನೆ ಬಂದ ವಾರದಲ್ಲೇ ಎಂ.ಎಸ್ಸಿ. ಅರ್ಜಿ ಸಲ್ಲಿಸುತ್ತೇನೆ."

ಕೊರತೆ ಮತ್ತು ಅವಕಾಶ: ನೌಕರಿ ಹಾಳೆಯಲ್ಲಿ ಮಾತಿನ ತಡವರಿಕೆಯ ಎದುರಿಗೆ ಸಿಮೆಂಟ್ ಲ್ಯಾಬುಗಳಿವೆ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಮತ್ತು ಹೈದರಾಬಾದಿನ ಔಷಧ ಘಟಕಗಳಿವೆ. ಅಲ್ಲಿ ಕೇಳುವುದು ತಾನು ಮಾಡಿದ ಪ್ರಯೋಗದ ಬಗ್ಗೆ. ನಾರ್ಮಾಲಿಟಿ ಎಂದರೇನು, ಸೂಚಕ ಬಣ್ಣ ಬದಲಿಸುವುದು ಏಕೆ, ಉತ್ತರ ಎರಡು ಸಲ ಬೇರೆ ಬಂದರೆ ಏನು ಮಾಡುತ್ತಿ. ರೆಕಾರ್ಡ್ ಪುಸ್ತಕದ ಐದು ಪ್ರಯೋಗಗಳನ್ನು ಗೆಳತಿಯ ಎದುರು ಇಂಗ್ಲಿಷಿನಲ್ಲಿ ಜೋರಾಗಿ ವಿವರಿಸುವುದೇ ಇದರ ತಯಾರಿ. ಸಾವಿರಾರು ರೂಪಾಯಿಯ ಸ್ಪೋಕನ್ ಇಂಗ್ಲಿಷ್ ಕ್ಲಾಸು ಈ ಪ್ರಶ್ನೆಗಳಿಗೆ ನೆರವಾಗುವುದಿಲ್ಲ.

ಬಲ ಮತ್ತು ಅಪಾಯ: ಪಾಠ ಹೇಳುವ ಅಭ್ಯಾಸದ ಎದುರಿಗೆ ನೇಮಕಾತಿಯ ಅನಿಶ್ಚಿತತೆ. ಈ ಜೋಡಿಯಿಂದ ಅನಿರೀಕ್ಷಿತವಾಗಿ ಮೂರನೇ ದಾರಿಯೊಂದು ಕಾಣಿಸಿಕೊಳ್ಳುತ್ತದೆ. ಬಿ.ಎಸ್ಸಿ. ಆದ ಮೇಲೆ ನೇರವಾಗಿ ಬಿ.ಇಡಿ. ಮಾಡಿದರೆ ಎರಡೇ ವರ್ಷಕ್ಕೆ ಶಾಲೆಯಲ್ಲಿ ಪಾಠ ಮಾಡುವ ಅರ್ಹತೆ ಬರುತ್ತದೆ. ಪಿಯು ಉಪನ್ಯಾಸಕಿಯ ಗುರಿಗೂ ಬಿ.ಇಡಿ. ಬೇಕೇ ಬೇಕಿತ್ತಲ್ಲ, ಎಂ.ಎಸ್ಸಿ. ಆಮೇಲೆ ಮಾಡಬಹುದು. ಇದಕ್ಕೂ ಒಂದು ಹಾಳೆ ಬರೆಯುವುದು ನ್ಯಾಯ.

6. ಶರತ್ತು ಹಾಕಿ ತೀರ್ಮಾನಿಸಿ. ಮನೆಗಳಲ್ಲಿರುವ ಸಾಲುಗಳನ್ನು ಎಣಿಸಿ ಹೆಚ್ಚಿದ್ದ ಕಡೆ ಹೋಗುವುದಲ್ಲ. ಈ ಹುಡುಗಿಯ ತೀರ್ಮಾನ ಹೀಗೆ ಬರಬಹುದು: "ಪೇಪರ್ ಪಾಸಾಗಿ, ಎಂ.ಎಸ್ಸಿ. ಸೀಟೂ ಹಾಸ್ಟೆಲ್ಲೂ ಇಂಥ ದಿನದೊಳಗೆ ಸಿಕ್ಕರೆ ಓದು. ಸೀಟು ಸಿಕ್ಕಿ ಹಾಸ್ಟೆಲ್ ಸಿಗದಿದ್ದರೆ ಮನೆಯಿಂದಲೇ ಓಡಾಟ, ವಿದ್ಯಾಸಿರಿಗೆ ಅರ್ಜಿ. ಈ ವರ್ಷ ತೊಗರಿ ಕೈಕೊಟ್ಟರೆ ನೌಕರಿ, ಆದರೆ ಹಗಲು ಪಾಳಿ ಸಿಕ್ಕರೆ ಮಾತ್ರ." ನಮ್ಮ ಅಭಿಪ್ರಾಯ ಕೇಳಿದರೆ, ಪಾಠ ಮಾಡುವ ಗುರಿಯುಳ್ಳವರಿಗೆ ಈ ಕ್ರಮ ಸರಿ. ಪ್ರಯೋಗಾಲಯವೇ ಗುರಿಯಾಗಿದ್ದರೆ ಉತ್ತರ ತಿರುಗುತ್ತದೆ. ಎಂ.ಎಸ್ಸಿ. ಪ್ರವೇಶ ಪ್ರತಿ ವರ್ಷವೂ ಬರುತ್ತದೆ. ತರಬೇತಿ ಕೆಮಿಸ್ಟ್‌ಗಳನ್ನು ತೆಗೆದುಕೊಳ್ಳುವಾಗ ಹೊಸದಾಗಿ ಪಾಸಾದವರನ್ನೇ ಕಂಪನಿಗಳು ಹೆಚ್ಚು ಕೇಳುತ್ತವೆ. ಹಾಗಿರುವಾಗ ಮೊದಲು ಲ್ಯಾಬಿಗೆ ಹೋಗಿ, ಯಾವ ಯಂತ್ರ, ಯಾವ ಶಾಖೆ ತನಗೆ ಹಿಡಿಸುತ್ತದೆಂದು ತಿಳಿದು ಆಮೇಲೆ ಓದುವುದರಲ್ಲಿ ನಷ್ಟ ಕಡಿಮೆ.

ಹೆಣ್ಣುಮಕ್ಕಳ ಹಾಳೆಯಲ್ಲಿ ಇನ್ನೊಂದು ಸಾಲು ಇರಲೇಬೇಕು, ಅದನ್ನು ಯಾವ ಶಿಬಿರದಲ್ಲೂ ಬರೆಸುವುದಿಲ್ಲ: ಮದುವೆಯ ಮಾತು. ಕೆಲವು ಮನೆಗಳಲ್ಲಿ ಓದುತ್ತಿದ್ದಾಳೆ ಎಂದರೆ ಮಾತು ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಕೆಲವು ಮನೆಗಳಲ್ಲಿ ಸಂಬಳ ತರುವವಳ ಮಾತಿಗೆ ತೂಕ ಬರುತ್ತದೆ. ತನ್ನ ಮನೆ ಯಾವ ಬಗೆಯದು ಎಂಬುದು ಅವಳಿಗೆ ಗೊತ್ತಿರುತ್ತದೆ. ಅದನ್ನು ಬರೆಯದೆ ಬಿಟ್ಟರೆ ಉಳಿದ ಲೆಕ್ಕವೆಲ್ಲ ಒಂದು ಸಂಜೆಯಲ್ಲಿ ಬುಡಮೇಲಾಗಬಹುದು. ಹಾಳೆ ತುಂಬಿದ ಮೇಲೆ ಅವ್ವ-ಅಪ್ಪನ ಎದುರು ಕೂತು ಸಾಕ್ಷಿಯ ಪಟ್ಟಿ ಸಮೇತ ಓದಿ ಹೇಳುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ಕೂತಲ್ಲಿ ಬರೆದು ಮುಗಿಸುವುದು. ಫಲಿತಾಂಶ ಬಂದ ದಿನ ಬರೆದರೆ ಬಲದ ಮನೆ ತುಂಬಿರುತ್ತದೆ, ಸಂದರ್ಶನ ಕೆಟ್ಟ ದಿನ ಬರೆದರೆ ಕೊರತೆಯ ಮನೆ. ವಾರದ ಅಂತರದಲ್ಲಿ ಎರಡು ಸಲ ಬರೆದು, ಎರಡರಲ್ಲೂ ಇರುವ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಬೇಕು.

ಮನೆ ತುಂಬಿಸಲು ಬರೆಯುವುದು. ಒಂದು ಮನೆಗೆ ಮೂರ್ನಾಲ್ಕು ಸಾಲು ಸಾಕು. ಹತ್ತು ಸಾಲಿದ್ದರೆ ಜೋಡಿಸಲು ಆಗುವುದಿಲ್ಲ, ಹಾಳೆ ಮತ್ತೆ ಪಟ್ಟಿಯಾಗಿ ಉಳಿಯುತ್ತದೆ.

ಬೇಡವಾದ ದಾರಿಯ ಹಾಳೆಯನ್ನು ಕಾಟಾಚಾರಕ್ಕೆ ಬರೆಯುವುದು. ಇದನ್ನು ಕಂಡುಹಿಡಿಯುವುದು ಸುಲಭ: ಒಂದು ಹಾಳೆಯಲ್ಲಿ ಸಾಕ್ಷಿಯ ಪಟ್ಟಿ ತುಂಬಿದ್ದು ಇನ್ನೊಂದರಲ್ಲಿ ಖಾಲಿ ಇದ್ದರೆ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿದೆ. ಆಗ ಖಾಲಿ ಹಾಳೆಯ ದಾರಿಯಲ್ಲಿರುವವರೊಬ್ಬರನ್ನು ಭೇಟಿಯಾಗಿ ಬಂದು ಮತ್ತೆ ಬರೆಯಬೇಕು.

ಎಚ್ಚರಿಕೆ

ಕೆಲಸ ಕೊಡಿಸುತ್ತೇನೆ ಎಂದು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಕೇಳುವವರು ಯಾರೇ ಆಗಲಿ, ಅಲ್ಲಿಗೇ ನಿಲ್ಲಿಸಿ. ನೇಮಕಾತಿಗೆ ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲಪ್ರತಿಯನ್ನು ಅವತ್ತೇ ವಾಪಸ್ ತನ್ನಿ. ಅದನ್ನು ಕಂಪನಿಯಲ್ಲಿಟ್ಟು ಸೇರಿದರೆ ಮುಂದೆ ಎಂ.ಎಸ್ಸಿ. ಸೀಟು ಬಂದರೂ ದಾಖಲೆ ಪರಿಶೀಲನೆಗೆ ಕೈಯಲ್ಲಿ ಕಾಗದವಿರುವುದಿಲ್ಲ.

ತರಬೇತಿ ಹುದ್ದೆಗೆ ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ: ಎಷ್ಟು ತಿಂಗಳು ಬಿಡುವಂತಿಲ್ಲ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು. ಜೂನ್‌ನಲ್ಲಿ ಕೆಲಸಕ್ಕೆ ಸೇರಿ, ಪ್ರವೇಶ ಪಟ್ಟಿಯಲ್ಲಿ ಹೆಸರು ಆಮೇಲೆ ಬಂದರೆ ಈ ಎರಡು ಸಾಲು ಎಲ್ಲವನ್ನೂ ನಿರ್ಧರಿಸುತ್ತವೆ. ಅದಕ್ಕೂ ಮುಂಚೆ ನೋಟಿಸ್ ಅವಧಿ ಎಷ್ಟೆಂದು ಕೇಳಿ ಹಾಳೆಯ ಅಪಾಯದ ಮನೆಯಲ್ಲಿ ಬರೆದುಕೊಳ್ಳಿ.

ಕೊನೆಯದಾಗಿ ಕಾಲೇಜಿನ ಟಿ.ಸಿ. ಮೂರೂ ವರ್ಷದ ಅಂಕಪಟ್ಟಿಗಳು ಕೈಗೆ ಬಂದ ಕೂಡಲೇ ಟಿ.ಸಿ. ತೆಗೆದುಕೊಂಡು ಎರಡು-ಮೂರು ಜೆರಾಕ್ಸ್ ಮಾಡಿಸಿ, ಮೂಲಪ್ರತಿಯನ್ನು ಎಲ್ಲಿಗೆ ಸೇರುವುದೆಂದು ಖಚಿತವಾಗುವವರೆಗೆ ಯಾರಿಗೂ ಕೊಡಬೇಡಿ. ಒಂದು ಕಡೆ ಕೊಟ್ಟ ಟಿ.ಸಿ. ವಾಪಸ್ ಪಡೆಯಲು ಅರ್ಜಿ, ಸಹಿ, ಓಡಾಟ ಎಂದು ದಿನಗಳು ಹೋಗುತ್ತವೆ, ಪ್ರವೇಶದ ಕೊನೆಯ ದಿನ ಕಾಯುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಪದವಿ ಮುಗಿಸಿ ಕಡಗಂಚಿಗೋ ಬೇರೆ ವಿಶ್ವವಿದ್ಯಾಲಯಕ್ಕೋ ಹೋಗುವವರಿಗೆ ವಲಸೆ ಪ್ರಮಾಣಪತ್ರವೂ ಬೇಕಾಗುತ್ತದೆ. ಅದಕ್ಕೆ ಅರ್ಜಿ ಹಾಕಬೇಕಾದದ್ದು ಸೇಡಂ ರಸ್ತೆಯ ವಿಶ್ವವಿದ್ಯಾಲಯದಲ್ಲಿ.